ಉದ್ದ ಹೊಂದದ ವೆಕ್ಟರ್, ಸದ್ದಿಲ್ಲದ ತಪ್ಪು: ಆರ್ ಭಾಷೆಯ ಮರುಬಳಕೆ ನಿಯಮ

ಆರ್ ಭಾಷೆಯಲ್ಲಿ ಸಂಖ್ಯೆಗಳನ್ನಾಗಲಿ ಹೆಸರುಗಳನ್ನಾಗಲಿ ಸಾಲಾಗಿ ಜೋಡಿಸಿಟ್ಟ ಪಟ್ಟಿಗೆ ವೆಕ್ಟರ್ ಎನ್ನುತ್ತಾರೆ. ಎರಡು ವೆಕ್ಟರ್‌ಗಳನ್ನು ಕೂಡಿಸುವಾಗ, ಕಳೆಯುವಾಗ ಅಥವಾ ಹೋಲಿಸುವಾಗ ಅವುಗಳ ಉದ್ದ ಒಂದೇ ಇರಬೇಕೆಂದು ಈ ಭಾಷೆ ಹಟ ಹಿಡಿಯುವುದಿಲ್ಲ. ಒಂದು ಗಿಡ್ಡವಾಗಿದ್ದರೆ, ಅದು ಮುಗಿದ ಕೂಡಲೇ ಮತ್ತೆ ಮೊದಲಿಂದ ಶುರುಮಾಡಿ, ಉದ್ದದ ವೆಕ್ಟರ್ ಮುಗಿಯುವ ತನಕ ಅದನ್ನೇ ಸುತ್ತಿ ಸುತ್ತಿ ಬಳಸುತ್ತದೆ. ಇದಕ್ಕೆ ರೀಸೈಕ್ಲಿಂಗ್, ಅಂದರೆ ಮರುಬಳಕೆ ಎಂದು ಹೆಸರು.

```r
c(1, 2, 3, 4) + c(10, 20)
# 11 22 13 24
```

ಇಲ್ಲಿ 10 ಮತ್ತು 20 ಎರಡೆರಡು ಬಾರಿ ಬಳಕೆಯಾಗಿವೆ. ಮೂರನೆಯ ಸಂಖ್ಯೆಗೆ ಮತ್ತೆ 10, ನಾಲ್ಕನೆಯದಕ್ಕೆ ಮತ್ತೆ 20 ಸೇರಿದೆ. ಕೋಡ್ ಬರೆದವರಿಗೆ ಬೇಕಾಗಿದ್ದು ಇದೇ ಆಗಿದ್ದರೆ ತೊಂದರೆಯಿಲ್ಲ. ಗಿಡ್ಡ ಪಟ್ಟಿ ತಪ್ಪಿ ಅಲ್ಲಿಗೆ ಬಂದಿದ್ದರೂ ಆರ್ ಇಷ್ಟೇ ನಿರಾಳವಾಗಿ ಉತ್ತರ ಕೊಡುತ್ತದೆ, ಕಷ್ಟ ಇರುವುದು ಅಲ್ಲಿ. ಪ್ರೋಗ್ರಾಂ ನಿಲ್ಲುವುದಿಲ್ಲ, ಕೆಂಪು ಅಕ್ಷರದ ಸಂದೇಶ ಬರುವುದಿಲ್ಲ, ಬಂದ ಸಂಖ್ಯೆ ನೋಡಲು ಸಹಜವಾಗಿಯೇ ಇರುತ್ತದೆ.

ನಿಯಮ ಎಲ್ಲಿಂದ ಬಂತು

ಆರ್ ಭಾಷೆಯ ಮೂಲ 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಚೇಂಬರ್ಸ್ ಮತ್ತು ಸಂಗಡಿಗರು ಕಟ್ಟತೊಡಗಿದ ಎಸ್ ಎಂಬ ಭಾಷೆಯಲ್ಲಿದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿದ್ದ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಅದೇ ದಾರಿಯಲ್ಲಿ ಆರ್ ಅನ್ನು ರೂಪಿಸಿದರು. ಅದರ 1.0.0 ಆವೃತ್ತಿ ಹೊರಬಂದದ್ದು 2000ದ ಫೆಬ್ರವರಿ 29ರಂದು. ಅಂಕಿಅಂಶದ ಕೆಲಸದಲ್ಲಿ ಒಂದೇ ಸಂಖ್ಯೆಗಿಂತ ಸಂಖ್ಯೆಗಳ ಸಾಲುಗಳೇ ಹೆಚ್ಚು. ಆದ್ದರಿಂದ ಈ ಭಾಷೆಯಲ್ಲಿ ಬಿಡಿ ಸಂಖ್ಯೆ ಎಂಬ ಪ್ರತ್ಯೇಕ ಜಾತಿಯೇ ಇಲ್ಲ. 2 ಎಂದು ಬರೆದರೂ ಅದು ಒಂದೇ ಅಂಶವಿರುವ ವೆಕ್ಟರ್.

ಹಾಗಾಗಿ `x * 2` ಎಂದು ಬರೆದಾಗ ನಡೆಯುವುದೂ ಮರುಬಳಕೆಯೇ. ಆ ಒಂದೇ 2 ಅನ್ನು `x`ನ ಪ್ರತಿಯೊಂದು ಅಂಶಕ್ಕೂ ಬಳಸಲಾಗುತ್ತದೆ. ಈ ಅನುಕೂಲ ಇಲ್ಲದಿದ್ದರೆ ಆರ್‌ನಲ್ಲಿ ಒಂದು ಸಾಲು ಬರೆಯುವುದೂ ಕಷ್ಟ. ಆದರೆ ನಿಯಮ ಒಂದು ಅಂಶದ ವೆಕ್ಟರಿಗಷ್ಟೇ ಸೀಮಿತವಾಗಿಲ್ಲ. ಎರಡು, ಮೂರು, ಹನ್ನೆರಡು ಅಂಶಗಳ ವೆಕ್ಟರಿಗೂ ಅದೇ ಉಪಚಾರ ಸಿಗುತ್ತದೆ. ಪೈಥಾನ್‌ನ ನಂಪೈ ಇಲ್ಲಿ ಬೇರೆ ದಾರಿ ಹಿಡಿದಿದೆ. ಅಲ್ಲಿ ಒಂದು ಅಂಶವನ್ನು ಬೇಕಾದಷ್ಟು ಹಿಗ್ಗಿಸಬಹುದು, ಆದರೆ ಎರಡು ಅಂಶಗಳ ಸಾಲನ್ನು ನಾಲ್ಕು ಅಂಶಗಳ ಸಾಲಿಗೆ ಕೂಡಿಸಲು ಹೋದರೆ ಎರರ್ ಬರುತ್ತದೆ.

ಆರ್ ಪೂರ್ತಿ ಮೌನವಾಗಿರುವುದೂ ಇಲ್ಲ. ಉದ್ದದ ವೆಕ್ಟರಿನ ಉದ್ದವನ್ನು ಗಿಡ್ಡದರ ಉದ್ದದಿಂದ ಭಾಗಿಸಿದಾಗ ಶೇಷ ಉಳಿದರೆ ಅದು ಎಚ್ಚರಿಸುತ್ತದೆ:

```r
1:5 + 1:2
# 2 4 4 6 6
# Warning message:
# In 1:5 + 1:2 :
#   longer object length is not a multiple of
#   shorter object length
```

ಗಮನಿಸಬೇಕಾದ ಸಂಗತಿಗಳು ಎರಡು. ಎಚ್ಚರಿಕೆ ಬಂದರೂ ಲೆಕ್ಕ ನಿಂತಿಲ್ಲ, ಉತ್ತರ ಬಂದೇ ಬಂದಿದೆ. ಇನ್ನೊಂದು, ಈ ಎಚ್ಚರಿಕೆ ಪರೀಕ್ಷಿಸುವುದು ಶೇಷ ಉಳಿಯಿತೇ ಎಂಬುದನ್ನು ಮಾತ್ರ. ಆ ಗಿಡ್ಡ ವೆಕ್ಟರ್ ಅಲ್ಲಿರಬೇಕಿತ್ತೇ ಎಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ. ಉದ್ದಗಳು ಸಮವಾಗಿ ಭಾಗವಾದರೆ, ತಪ್ಪು ಎಷ್ಟೇ ದೊಡ್ಡದಿರಲಿ, ಆರ್ ಸುಮ್ಮನಿರುತ್ತದೆ.

ಮೂವತ್ತೆರಡು ಕಾರುಗಳ ಉದಾಹರಣೆ

ಈ ತಪ್ಪು ಅತಿ ಹೆಚ್ಚು ನುಸುಳುವ ಜಾಗ ಎಂದರೆ ಟೇಬಲ್‌ನಿಂದ ಬೇಕಾದ ಸಾಲುಗಳನ್ನು ಆರಿಸಿಕೊಳ್ಳುವ ಕೋಡ್. ಅದನ್ನು ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲೇ ನೋಡಬಹುದು. ಆರ್ ಜೊತೆಗೇ ಬರುವ `mtcars` ಎಂಬ ಟೇಬಲ್‌ನಲ್ಲಿ, ಅಮೆರಿಕದ ಮೋಟರ್ ಟ್ರೆಂಡ್ ಪತ್ರಿಕೆ 1974ರಲ್ಲಿ ಪ್ರಕಟಿಸಿದ 32 ಕಾರುಗಳ ವಿವರವಿದೆ. `cyl` ಕಾಲಂನಲ್ಲಿ ಎಂಜಿನ್ನಿನ ಸಿಲಿಂಡರ್ ಸಂಖ್ಯೆ, `mpg` ಕಾಲಂನಲ್ಲಿ ಒಂದು ಗ್ಯಾಲನ್ ಪೆಟ್ರೋಲಿಗೆ ಓಡುವ ಮೈಲಿ ಇದೆ. 4 ಸಿಲಿಂಡರಿನ ಕಾರುಗಳು 11, 6 ಸಿಲಿಂಡರಿನವು 7, 8 ಸಿಲಿಂಡರಿನವು 14.

4 ಅಥವಾ 6 ಸಿಲಿಂಡರ್ ಇರುವ ಕಾರುಗಳ ಸರಾಸರಿ ಮೈಲೇಜ್ ಬೇಕು ಎಂದಿಟ್ಟುಕೊಂಡರೆ, ಹೊಸಬರ ಕೈಗೆ ಸಲೀಸಾಗಿ ಬರುವ ಕೋಡ್ ಹೀಗಿರುತ್ತದೆ:

```r
mean(mtcars$mpg[mtcars$cyl == c(4, 6)])
# 22.29
```

ಓದಿಕೊಂಡರೆ ಎಲ್ಲ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಎಚ್ಚರಿಕೆ ಬಂದಿಲ್ಲ, 22 ಮೈಲಿ ಎಂಬುದೂ ನಂಬುವಂಥದ್ದೇ. ಈಗ 4 ಮತ್ತು 6 ಅನ್ನು ಅದಲುಬದಲು ಮಾಡಿದರೆ:

```r
mean(mtcars$mpg[mtcars$cyl == c(6, 4)])
# 26.075
```

"ನಾಲ್ಕು ಅಥವಾ ಆರು" ಎನ್ನುವುದಕ್ಕೂ "ಆರು ಅಥವಾ ನಾಲ್ಕು" ಎನ್ನುವುದಕ್ಕೂ ವ್ಯತ್ಯಾಸವಿರಬಾರದು. ಇಲ್ಲಿ ಸುಮಾರು ನಾಲ್ಕು ಮೈಲಿಯ ವ್ಯತ್ಯಾಸವಿದೆ, ಎರಡೂ ತಪ್ಪು. ಸರಿಯಾದ ಉತ್ತರ ಇವೆರಡರ ನಡುವೆ ಇದೆ:

```r
mean(mtcars$mpg[mtcars$cyl %in% c(4, 6)])
# 23.97222
```

ನಡೆದದ್ದೇನೆಂದು ತಿಳಿಯಲು `==` ಮಾಡುವ ಕೆಲಸವನ್ನು ನೋಡಬೇಕು. ಶಾಲೆಯ ಮೈದಾನದಲ್ಲಿ ಸಾಲಾಗಿ ನಿಂತ ಮಕ್ಕಳಿಂದ ಡ್ರಿಲ್ ಮೇಷ್ಟ್ರು "ಒಂದು, ಎರಡು, ಒಂದು, ಎರಡು" ಎಂದು ಹೇಳಿಸಿಕೊಂಡು ಹೋಗುವ ಹಾಗೆ, ಇಲ್ಲಿ 32 ಕಾರುಗಳು ಎರಡು ಗುಂಪಾಗುತ್ತವೆ. ಬೆಸ ಸ್ಥಾನದಲ್ಲಿರುವ ಪ್ರತಿ ಕಾರಿಗೆ "ನಿನ್ನದು 4 ಸಿಲಿಂಡರೇ?" ಎಂಬ ಪ್ರಶ್ನೆ, ಸಮ ಸ್ಥಾನದ ಪ್ರತಿ ಕಾರಿಗೆ "ನಿನ್ನದು 6 ಸಿಲಿಂಡರೇ?" ಎಂಬ ಪ್ರಶ್ನೆ. ಎರಡನ್ನೂ ಒಂದೇ ಕಾರಿಗೆ ಯಾರೂ ಕೇಳುವುದಿಲ್ಲ. ಟೇಬಲ್‌ನ ಮೊದಲ ಸಾಲಿನ ಮಾಜ್ದಾ ಆರ್‌ಎಕ್ಸ್4 ಕಾರಿಗೆ 6 ಸಿಲಿಂಡರ್. ಬೆಸ ಸ್ಥಾನದಲ್ಲಿದೆ ಎಂಬ ಒಂದೇ ಕಾರಣಕ್ಕೆ ಅದನ್ನು 4ರ ಜೊತೆ ಹೋಲಿಸಿ ಹೊರಗಿಡಲಾಯಿತು. 20ನೆಯ ಸಾಲಿನ ಟೊಯೋಟಾ ಕರೋಲಾ 4 ಸಿಲಿಂಡರಿನದು, ಇಡೀ ಟೇಬಲ್‌ನಲ್ಲೇ ಹೆಚ್ಚಿನ ಮೈಲೇಜ್, 33.9, ಕೊಡುವ ಕಾರು. ಅದರ ಸ್ಥಾನ ಸಮ, ಕೇಳಿದ್ದು 6ರ ಪ್ರಶ್ನೆ. ಅದೂ ಹೊರಗೆ.

ಹೀಗೆ ಮೊದಲ ಕೋಡ್ 18 ಕಾರುಗಳ ಬದಲು 10 ಕಾರುಗಳನ್ನು ಆರಿಸಿತು. ಅವುಗಳಲ್ಲಿ 4 ಸಿಲಿಂಡರಿನವು ಐದು, 6 ಸಿಲಿಂಡರಿನವು ಐದು. ಎರಡನೆಯ ಕೋಡ್ ಆರಿಸಿದ್ದು ಉಳಿದ 8 ಕಾರುಗಳನ್ನು. ಅದರಲ್ಲಿ 4 ಸಿಲಿಂಡರಿನವು ಆರು, 6 ಸಿಲಿಂಡರಿನವು ಎರಡೇ. ಚಿಕ್ಕ ಎಂಜಿನ್ನಿನ ಕಾರುಗಳ ಪಾಲು ಜಾಸ್ತಿಯಾಗಿ, ಕರೋಲಾದಂಥವೂ ಸೇರಿಕೊಂಡಿದ್ದರಿಂದ ಸರಾಸರಿ 26ಕ್ಕೆ ಏರಿತು. ಎರಡು ತಪ್ಪು ಉತ್ತರಗಳೂ ಸೇರಿ ನಿಜವಾದ 18 ಕಾರುಗಳನ್ನು ತಮ್ಮಲ್ಲಿ ಹಂಚಿಕೊಂಡಿವೆ.

ಈ ತಪ್ಪು ಕಣ್ಣಿಗೆ ಬೀಳದಿರಲು ಮುಖ್ಯ ಕಾರಣವೂ ಇಲ್ಲೇ ಇದೆ. ಆರಿಸಿ ಬಂದ ಸಾಲುಗಳನ್ನು ಒಂದೊಂದಾಗಿ ನೋಡಿದರೂ ದೋಷ ಕಾಣುವುದಿಲ್ಲ. ಬಂದವೆಲ್ಲ 4 ಅಥವಾ 6 ಸಿಲಿಂಡರಿನ ಕಾರುಗಳೇ, ಒಂದೂ 8ರ ಕಾರು ಒಳಗೆ ನುಸುಳಿಲ್ಲ. ತಪ್ಪಾಗಿರುವುದು ಬಂದವುಗಳಲ್ಲಿ ಅಲ್ಲ, ಬರದೆ ಉಳಿದವುಗಳಲ್ಲಿ. ಇಲ್ಲದ ಸಾಲು ಪರದೆಯ ಮೇಲೆ ಕಾಣುವುದಿಲ್ಲ. 32 ಸಾಲುಗಳ ಟೇಬಲ್‌ನಲ್ಲಿ ಎಣಿಸಿಯಾದರೂ ನೋಡಬಹುದು, ಲಕ್ಷಾಂತರ ಸಾಲುಗಳ ಟೇಬಲ್‌ನಲ್ಲಿ ಅರ್ಧದಷ್ಟು ಕಾಣೆಯಾದರೂ ಉಳಿದ ಅರ್ಧವೇ ದೊಡ್ಡ ರಾಶಿಯಾಗಿರುತ್ತದೆ.

ಟೇಬಲ್‌ನ ಸಾಲುಗಳು ಯಾವ ಕ್ರಮವೂ ಇಲ್ಲದೆ ಕಲಸಿಕೊಂಡಿದ್ದರೆ, ಎರಡು ಮೌಲ್ಯಗಳ ಹೋಲಿಕೆಯಲ್ಲಿ ಸರಿಸುಮಾರು ಅರ್ಧ ಸಾಲುಗಳು, ಮೂರು ಮೌಲ್ಯಗಳಾದರೆ ಮೂರನೆಯ ಒಂದು ಭಾಗ ಮಾತ್ರ ಸಿಗುತ್ತವೆ. ಆಗ ಎಣಿಕೆ ಮತ್ತು ಮೊತ್ತ ನೇರವಾಗಿ ತಪ್ಪುತ್ತವೆ, ಸರಾಸರಿ ಮಾತ್ರ ನಿಜದ ಹತ್ತಿರವೇ ಇರಬಹುದು. ಸಾಲುಗಳಿಗೆ ಒಂದು ಕ್ರಮವಿದ್ದರೆ ಸರಾಸರಿಯೂ ಯಾವುದೋ ಒಂದು ಕಡೆಗೆ ವಾಲುತ್ತದೆ.

ಅಚ್ಚುಕಟ್ಟಾದ ಟೇಬಲ್‌ಗೇ ಅಪಾಯ ಹೆಚ್ಚು

ಎಚ್ಚರಿಕೆ ಬರುವುದು ಶೇಷ ಉಳಿದಾಗ ಮಾತ್ರ ಎಂಬ ನಿಯಮದಿಂದ ಒಂದು ವಿಚಿತ್ರ ಪರಿಣಾಮವಾಗುತ್ತದೆ. ಅಡ್ಡಾದಿಡ್ಡಿ ಗಾತ್ರದ ಟೇಬಲ್‌ಗಳು ಆಗಾಗ ಎಚ್ಚರಿಸುತ್ತವೆ, ಯೋಜಿಸಿ ತುಂಬಿದ ಸಮತೂಕದ ಟೇಬಲ್‌ಗಳು ಸುಮ್ಮನಿರುತ್ತವೆ. ಕರ್ನಾಟಕದ 31 ಜಿಲ್ಲೆಗಳಿಗೆ ತಲಾ ಒಂದು ಸಾಲಿರುವ ಟೇಬಲ್ ತೆಗೆದುಕೊಂಡರೆ, 31 ಅವಿಭಾಜ್ಯ ಸಂಖ್ಯೆ. ಅದನ್ನು ಎರಡು, ಮೂರು, ನಾಲ್ಕು ಹೆಸರುಗಳ ಜೊತೆ `==` ಹಾಕಿ ಹೋಲಿಸಿದರೆ ಎಚ್ಚರಿಕೆ ಖಂಡಿತ ಬರುತ್ತದೆ. ಅದೇ ಜಿಲ್ಲೆಗಳ ಮಳೆಯನ್ನು ತಿಂಗಳುವಾರು ಬರೆದರೆ 31ಕ್ಕೆ 12ರಂತೆ 372 ಸಾಲುಗಳು. ಈ ಸಂಖ್ಯೆಯನ್ನು 2, 3, 4, 6, 12 ಎಲ್ಲವೂ ಭಾಗಿಸುತ್ತವೆ. ಎಚ್ಚರಿಕೆಗೆ ಅವಕಾಶವೇ ಇಲ್ಲ.

ಇಂಥ ಟೇಬಲ್‌ನ ತಿಂಗಳ ಕಾಲಂ, ಪ್ರತಿ ಜಿಲ್ಲೆಗೂ ಜನವರಿಯಿಂದ ಡಿಸೆಂಬರ್ ತನಕ ಕ್ರಮವಾಗಿ ಇದ್ದರೆ, ಹೀಗೆ ವರ್ತಿಸುತ್ತದೆ:

```r
tingalu <- rep(month.abb, times = 31)
sum(tingalu == c("Jun", "Jul"))     # 0
sum(tingalu == c("Jul", "Jun"))     # 62
sum(tingalu == c("Jun", "Aug"))     # 31
sum(tingalu %in% c("Jun", "Jul"))   # 62
```

ಜೂನ್ ವರ್ಷದ ಆರನೆಯ ತಿಂಗಳು, ಆದ್ದರಿಂದ ಅದು ಯಾವಾಗಲೂ ಸಮ ಸ್ಥಾನದಲ್ಲಿರುತ್ತದೆ. ಜುಲೈ ಏಳನೆಯದು, ಬೆಸ ಸ್ಥಾನ. ಮೊದಲ ಹೋಲಿಕೆಯಲ್ಲಿ ಬೆಸ ಸ್ಥಾನಗಳಲ್ಲಿ ಜೂನ್ ಅನ್ನೂ ಸಮ ಸ್ಥಾನಗಳಲ್ಲಿ ಜುಲೈಯನ್ನೂ ಹುಡುಕಲಾಯಿತು, ಒಂದೂ ಸಿಗಲಿಲ್ಲ. ಇಲ್ಲಿ ಸೊನ್ನೆ ಬಂದಿದ್ದೇ ವಾಸಿ, ಅಷ್ಟಾದರೂ ಅನುಮಾನ ಹುಟ್ಟುತ್ತದೆ. ಮೂರನೆಯ ಹೋಲಿಕೆ ಅದಕ್ಕಿಂತ ಕೆಟ್ಟದ್ದು. ಜೂನ್ ಮತ್ತು ಆಗಸ್ಟ್ ಎರಡೂ ಸಮ ಸ್ಥಾನದವು, ಸಮ ಸ್ಥಾನಗಳಲ್ಲಿ ಹುಡುಕಿದ್ದು ಆಗಸ್ಟ್ ಅನ್ನು ಮಾತ್ರ. ಸಿಕ್ಕ 31 ಸಾಲುಗಳಲ್ಲಿ ಜೂನ್ ಒಂದೂ ಇಲ್ಲ. ಇದರಿಂದ ತೆಗೆದ ಸರಾಸರಿ "ಜೂನ್ ಮತ್ತು ಆಗಸ್ಟ್ ಮಳೆ" ಎಂಬ ತಲೆಬರಹದ ಕೆಳಗೆ ಕೂತರೂ ಅದು ಬರೀ ಆಗಸ್ಟ್ ಮಳೆಯ ಸರಾಸರಿ.

ಎರಡನೆಯ ಹೋಲಿಕೆಯಂತೂ ಪೂರ್ತಿ ಸರಿಯಾದ ಉತ್ತರ ಕೊಟ್ಟಿದೆ. ಕೋಡ್ ತಪ್ಪು, ಉತ್ತರ ಸರಿ. ಹೆಸರುಗಳನ್ನು ಬರೆದ ಕ್ರಮಕ್ಕೂ ಟೇಬಲ್‌ನ ಕ್ರಮಕ್ಕೂ ಆಕಸ್ಮಿಕವಾಗಿ ತಾಳೆಯಾಗಿದ್ದರಿಂದ ಹೀಗಾಯಿತು. ಇಂಥ ಕೋಡ್ ಪರೀಕ್ಷೆಯಲ್ಲಿ ಪಾಸಾಗಿ ಕಡತದಲ್ಲಿ ಉಳಿದುಕೊಳ್ಳುತ್ತದೆ. ಮುಂದೆ ಯಾರೋ ಆ ಟೇಬಲ್ ಅನ್ನು ಮಳೆಯ ಪ್ರಮಾಣಕ್ಕೆ ತಕ್ಕಂತೆ ಮರುಜೋಡಿಸಿದ ದಿನ, ಅಥವಾ ಒಂದು ಜಿಲ್ಲೆಯ ಒಂದು ತಿಂಗಳ ಸಾಲು ಬಿಟ್ಟುಹೋದ ದಿನ ಉತ್ತರ ಬದಲಾಗುತ್ತದೆ. ಕೋಡ್‌ನ ಒಂದಕ್ಷರವೂ ಬದಲಾಗಿರುವುದಿಲ್ಲ.

ಕಾಲಂ ಸರಾಸರಿ ಕಳೆಯುವಾಗ

ಮ್ಯಾಟ್ರಿಕ್ಸ್‌ಗಳಲ್ಲಿ ಇದೇ ನಿಯಮ ಬೇರೆ ರೂಪದಲ್ಲಿ ಎದುರಾಗುತ್ತದೆ. ಆರ್ ಮ್ಯಾಟ್ರಿಕ್ಸನ್ನು ಕಾಲಂ ಪ್ರಕಾರ ನೆನಪಿನಲ್ಲಿಡುತ್ತದೆ. ಮೊದಲ ಕಾಲಂ ಮೇಲಿನಿಂದ ಕೆಳಗೆ, ಆಮೇಲೆ ಎರಡನೆಯದು ಮೇಲಿನಿಂದ ಕೆಳಗೆ, ಹೀಗೆ ಎಲ್ಲವೂ ಒಂದೇ ಉದ್ದನೆಯ ಸಾಲು. ಮ್ಯಾಟ್ರಿಕ್ಸ್‌ನಿಂದ ವೆಕ್ಟರನ್ನು ಕಳೆದಾಗ ವೆಕ್ಟರ್ ಸುತ್ತುವುದು ಈ ಸಾಲಿನ ಉದ್ದಕ್ಕೆ.

ಮೂವರು ವಿದ್ಯಾರ್ಥಿಗಳ ಗಣಿತ ಮತ್ತು ಕನ್ನಡದ ಅಂಕಗಳಿವೆ. ಪ್ರತಿ ಅಂಕದಿಂದ ಆಯಾ ವಿಷಯದ ಸರಾಸರಿಯನ್ನು ಕಳೆಯಬೇಕು. ಗಣಿತದ ಸರಾಸರಿ 50, ಕನ್ನಡದ್ದು 85.

```r
m <- cbind(ganita  = c(40, 50, 60),
           kannada = c(80, 85, 90))
m - colMeans(m)
#      ganita kannada
# [1,]    -10      -5
# [2,]    -35      35
# [3,]     10       5
```

ಎರಡನೆಯ ವಿದ್ಯಾರ್ಥಿಗೆ ಎರಡೂ ವಿಷಯಗಳಲ್ಲಿ ಬಂದಿರುವುದು ಸರಿಯಾಗಿ ಸರಾಸರಿ ಅಂಕವೇ, ಆದ್ದರಿಂದ ಅಲ್ಲಿ ಎರಡು ಸೊನ್ನೆಗಳಿರಬೇಕಿತ್ತು. ಬದಲಿಗೆ ಗಣಿತದಲ್ಲಿ 35 ಕಡಿಮೆ, ಕನ್ನಡದಲ್ಲಿ 35 ಹೆಚ್ಚು ಎಂದು ಬಂದಿದೆ. 50, 85 ಎಂಬ ಜೋಡಿ ಕಾಲಂ ಗುಂಟ ಕೆಳಗಿಳಿಯುತ್ತಾ ಗಣಿತದ ಎರಡನೆಯ ಅಂಕದಿಂದ ಕನ್ನಡದ ಸರಾಸರಿಯನ್ನು, ಕನ್ನಡದ ಎರಡನೆಯ ಅಂಕದಿಂದ ಗಣಿತದ ಸರಾಸರಿಯನ್ನು ಕಳೆದಿದೆ. ಉಳಿದ ನಾಲ್ಕು ಅಂಕಿಗಳು ಸರಿಯಾಗಿ ಬಿದ್ದದ್ದು ಸ್ಥಾನಬಲದಿಂದ.

ಈ ಕೋಡ್‌ನಲ್ಲಿ ಎಚ್ಚರಿಕೆ ಎಂದಿಗೂ ಬರಲಾರದು. ಮ್ಯಾಟ್ರಿಕ್ಸ್‌ನ ಒಟ್ಟು ಅಂಶಗಳೆಂದರೆ ಸಾಲುಗಳ ಸಂಖ್ಯೆಯನ್ನು ಕಾಲಂಗಳ ಸಂಖ್ಯೆಯಿಂದ ಗುಣಿಸಿದಷ್ಟು. ಕಾಲಂ ಸರಾಸರಿಗಳ ಉದ್ದ ಕಾಲಂಗಳ ಸಂಖ್ಯೆಯಷ್ಟು. ಮೊದಲನೆಯದನ್ನು ಎರಡನೆಯದು ಯಾವಾಗಲೂ ನಿಶ್ಶೇಷವಾಗಿ ಭಾಗಿಸುತ್ತದೆ. ಒಟ್ಟು ಮೊತ್ತ ನೋಡಿ ತಾಳೆ ಹಾಕುವುದೂ ಪ್ರಯೋಜನವಿಲ್ಲ. ಪ್ರತಿ ಸರಾಸರಿಯೂ ಸಾಲುಗಳ ಸಂಖ್ಯೆಯಷ್ಟೇ ಬಾರಿ ಎಲ್ಲೋ ಒಂದು ಕಡೆ ಕಳೆದುಹೋಗುವುದರಿಂದ, ತಪ್ಪು ಉತ್ತರದ ಮೊತ್ತವೂ ಸರಿಯಾದ ಉತ್ತರದ ಹಾಗೆ ಸೊನ್ನೆಯೇ ಆಗುತ್ತದೆ. ಕಾಲಂವಾರು ಮೊತ್ತ ನೋಡಿದರೆ ಮಾತ್ರ ಗುಟ್ಟು ರಟ್ಟಾಗುತ್ತದೆ. ಇಲ್ಲಿ ಗಣಿತದ್ದು −35, ಕನ್ನಡದ್ದು 35.

ಸಾಲುಗಳ ಸರಾಸರಿಯನ್ನು ಕಳೆಯುವ `m - rowMeans(m)` ಮಾತ್ರ ಸರಿಯಾದ ಉತ್ತರವನ್ನೇ ಕೊಡುತ್ತದೆ, ಏಕೆಂದರೆ ವೆಕ್ಟರ್ ಸುತ್ತುವ ದಿಕ್ಕೂ ಬೇಕಾದ ದಿಕ್ಕೂ ಅಲ್ಲಿ ಒಂದೇ. ಅದು ಸರಿಯಾದದ್ದನ್ನು ನೋಡಿದವರು ಕಾಲಂಗೂ ಹಾಗೇ ಬರೆದುಬಿಡುತ್ತಾರೆ. ಕಾಲಂಗಳಿಗಾಗಿಯೇ ಇರುವ ಫಂಕ್ಷನ್ `sweep`:

```r
sweep(m, 2, colMeans(m))
```

ಇಲ್ಲಿ 2 ಎಂಬುದು ಕಾಲಂ ದಿಕ್ಕನ್ನು ಸೂಚಿಸುತ್ತದೆ. ವೆಕ್ಟರಿನ ಉದ್ದ ಆ ದಿಕ್ಕಿಗೆ ಹೊಂದುತ್ತದೆಯೇ ಎಂದೂ ಈ ಫಂಕ್ಷನ್ ಪರೀಕ್ಷಿಸುತ್ತದೆ. ಸರಾಸರಿ ಕಳೆಯುವುದಷ್ಟೇ ಕೆಲಸವಾದರೆ `scale(m, scale = FALSE)` ಸಾಕು.

ಶೇಷ ಉಳಿದರೂ ಸುಮ್ಮನಿರುವ ಜಾಗಗಳು

ಇದುವರೆಗೆ ಹೇಳಿದ್ದು ಉದ್ದಗಳು ಸಮವಾಗಿ ಭಾಗವಾಗುವ ಸಂದರ್ಭ. ಭಾಗವಾಗದಿದ್ದರೂ ಆರ್ ಚಕಾರ ಎತ್ತದ ಕೆಲವು ಜಾಗಗಳಿವೆ. `paste` ಫಂಕ್ಷನ್ ಪದಗಳನ್ನು ಜೋಡಿಸುವಾಗ ಗಿಡ್ಡ ಪಟ್ಟಿಯನ್ನು ಎಚ್ಚರಿಕೆಯಿಲ್ಲದೆ ಸುತ್ತುತ್ತದೆ. ಯಾದೃಚ್ಛಿಕ ಸಂಖ್ಯೆಗಳನ್ನು ಕೊಡುವ `rnorm` ಫಂಕ್ಷನ್‌ಗೆ ಐದು ಸಂಖ್ಯೆ ಕೇಳಿ ಎರಡೇ ಸರಾಸರಿಗಳನ್ನು ಕೊಟ್ಟರೂ ಹಾಗೇ. `ifelse` ಒಳಗೆ ಕೊಟ್ಟ ಮೌಲ್ಯಗಳ ಪಟ್ಟಿ ಗಿಡ್ಡವಾಗಿದ್ದರೂ ಹಾಗೇ.

ಚೌಕ ಆವರಣದೊಳಗೆ ಬರೆಯುವ ನಿಜ-ಸುಳ್ಳುಗಳ ಸಾಲೂ ಈ ಗುಂಪಿಗೆ ಸೇರಿದ್ದು. `%in%` ಸರಿಯಾದ ಚಿಹ್ನೆ ಎಂದು ತಿಳಿದವರೂ ಅದರ ಎಡಬಲ ಮರೆತರೆ ಇಲ್ಲಿ ಸಿಕ್ಕಿಬೀಳುತ್ತಾರೆ:

```r
nrow(mtcars[c(4, 6) %in% mtcars$cyl, ])
# 32
```

ಕೇಳಿದ್ದು "4 ಮತ್ತು 6 ಈ ಕಾಲಂನಲ್ಲಿ ಇವೆಯೇ?" ಎಂಬ ತಲೆಕೆಳಗಾದ ಪ್ರಶ್ನೆ. ಉತ್ತರವಾಗಿ ಬಂದದ್ದು ಎರಡು `TRUE`. ಆ ಎರಡೇ `TRUE` 32 ಸಾಲುಗಳಿಗೂ ಸುತ್ತಿ, ಆಯ್ಕೆಯೇ ನಡೆಯದಂತೆ ಇಡೀ ಟೇಬಲ್ ವಾಪಸ್ಸಾಗಿದೆ.

ಗಿಡ್ಡ ವೆಕ್ಟರಿನ ಉದ್ದ ಸೊನ್ನೆಯಾಗಿದ್ದರೆ ನಿಯಮ ತಿರುಗಿಬೀಳುತ್ತದೆ. ಆಗ ಉತ್ತರದ ಉದ್ದವೂ ಸೊನ್ನೆ, ಎಚ್ಚರಿಕೆ ಆಗಲೂ ಇಲ್ಲ. ಕಾಲಂ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೆ ಸಾಕು, ಸಾಮಾನ್ಯ ಡೇಟಾ ಫ್ರೇಮ್ `NULL` ಕೊಡುತ್ತದೆ, ಅದರ ಉದ್ದ ಸೊನ್ನೆ:

```r
sum(mtcars$Cyl == 4)   # 0
all(mtcars$Cyl > 100)  # TRUE
```

`cyl` ಬದಲು `Cyl` ಎಂದಿದೆ, ಅಷ್ಟೇ. ನಾಲ್ಕು ಸಿಲಿಂಡರಿನ ಕಾರೇ ಇಲ್ಲ ಎಂದು ಮೊದಲ ಸಾಲು ಹೇಳುತ್ತದೆ. ಎಲ್ಲ ಕಾರುಗಳಿಗೂ ನೂರಕ್ಕಿಂತ ಹೆಚ್ಚು ಸಿಲಿಂಡರ್ ಇದೆ ಎಂದು ಎರಡನೆಯದು ಹೇಳುತ್ತದೆ. ಖಾಲಿ ಪಟ್ಟಿಯಲ್ಲಿ ಷರತ್ತನ್ನು ಮುರಿಯುವ ಅಂಶವೇ ಇಲ್ಲದಿರುವುದರಿಂದ `all` ಅದನ್ನು ನಿಜವೆಂದು ಎಣಿಸುತ್ತದೆ. ಡೇಟಾ ಸರಿಯಿದೆಯೇ ಎಂದು ನೋಡಲು ಬರೆದ ಪರೀಕ್ಷೆಯೇ ಹೀಗೆ ಸುಳ್ಳು ಭರವಸೆ ಕೊಡಬಹುದು.

ಪತ್ತೆ ಹಚ್ಚುವುದು, ತಡೆಯುವುದು

ಬರೆದಿಟ್ಟ ಕೋಡ್‌ನಲ್ಲಿ ಈ ತಪ್ಪನ್ನು ಹುಡುಕುವವರು ಮೊದಲು ನೋಡಬೇಕಾದದ್ದು `== c(` ಎಂಬ ಅಕ್ಷರಜೋಡಣೆಯನ್ನು. ಅದು ಕಂಡಲ್ಲೆಲ್ಲ ಬಹುಪಾಲು ಬೇಕಾಗಿದ್ದುದು `%in%`. `!= c(` ಎಂದಿದ್ದರೆ ಬೇಕಾಗಿದ್ದುದು `!(x %in% ...)`. `%in%` ಎಡಗಡೆಯ ಪ್ರತಿ ಅಂಶವನ್ನೂ ಬಲಗಡೆಯ ಎಲ್ಲ ಅಂಶಗಳ ಜೊತೆ ಹೋಲಿಸುತ್ತದೆ, ಆದ್ದರಿಂದ ಕ್ರಮ ಮುಖ್ಯವಾಗುವುದಿಲ್ಲ. ಉತ್ತರದ ಉದ್ದ ಯಾವಾಗಲೂ ಎಡಗಡೆಯಷ್ಟೇ ಇರುತ್ತದೆ. ಮೌಲ್ಯ ಬಿಟ್ಟುಹೋದ ಕಡೆ `==` ಕೊಡುವ `NA` ಬದಲು ಇದು `FALSE` ಕೊಡುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು.

ಹೆಸರುಗಳ ಪಟ್ಟಿ ಕೋಡ್‌ನಲ್ಲಿ ನೇರವಾಗಿ ಇರದೆ ಬೇರೆಲ್ಲಿಂದಲೋ ಬರುವಾಗ ಈ ಹುಡುಕಾಟ ಸಾಲದು. `x == bekaddu` ಎಂದಿದ್ದರೆ `bekaddu` ಎಂಬುದರಲ್ಲಿ ಒಂದು ಹೆಸರಿದೆಯೋ ಐದಿವೆಯೋ ಎಂದು ಆ ಸಾಲು ನೋಡಿ ಹೇಳಲಾಗದು. ಮೊದಲು ಒಂದೇ ಇತ್ತು, ಆಮೇಲೆ ಯಾರೋ ಇನ್ನೊಂದನ್ನು ಸೇರಿಸಿದರು ಎಂಬುದು ಈ ತಪ್ಪು ಹುಟ್ಟುವ ಸಾಮಾನ್ಯ ದಾರಿ. ಅಲ್ಲಿ ಎರಡು ಪರೀಕ್ಷೆಗಳು ಉಪಯೋಗಕ್ಕೆ ಬರುತ್ತವೆ. ಒಂದು, ಪಟ್ಟಿಯ ಕ್ರಮವನ್ನು ತಿರುವುಮುರುವು ಮಾಡಿ ಅಥವಾ ಟೇಬಲ್‌ನ ಸಾಲುಗಳನ್ನು ಕಲಸಿ ಮತ್ತೆ ಓಡಿಸುವುದು. ಉತ್ತರ ಬದಲಾದರೆ ಎಲ್ಲೋ ಸ್ಥಾನದ ಮೇಲೆ ಹೋಲಿಕೆ ನಡೆಯುತ್ತಿದೆ. ಇನ್ನೊಂದು, ಆರಿಸುವ ಮುಂಚೆ ಎಣಿಸುವುದು. `table(mtcars$cyl)` ಎಂದರೆ 11, 7, 14 ಎಂದು ಬರುತ್ತದೆ. 4 ಮತ್ತು 6ರವು ಸೇರಿ 18 ಸಾಲು ಬರಬೇಕೆಂದು ಮೊದಲೇ ಗೊತ್ತಿದ್ದರೆ 10 ಬಂದದ್ದು ತಕ್ಷಣ ತಿಳಿಯುತ್ತದೆ.

ಉದ್ದಗಳು ಹೊಂದಲೇಬೇಕಾದ ಜಾಗದಲ್ಲಿ ಅದನ್ನು ಕೋಡ್‌ನಲ್ಲೇ ಬರೆದುಬಿಡುವುದು ಗಟ್ಟಿ ಉಪಾಯ:

```r
stopifnot(length(y) == 1 || length(y) == length(x))
```

ಹೊಂದದಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ತಪ್ಪು ಕಾಲಂ ಹೆಸರಿನಿಂದ `x` ಖಾಲಿಯಾಗುವ ಸಾಧ್ಯತೆಯಿದ್ದರೆ `length(x) > 0` ಎಂಬುದನ್ನೂ ಸೇರಿಸಬೇಕು. ಎಲ್ಲ ಎಚ್ಚರಿಕೆಗಳನ್ನೂ ಎರರ್ ಆಗಿಸುವ `options(warn = 2)` ಶೇಷ ಉಳಿಯುವ ಸಂದರ್ಭಗಳನ್ನು ಹಿಡಿಯುತ್ತದೆ. ಶೇಷ ಉಳಿಯದ, ಅಂದರೆ ನಿಜವಾಗಿ ಅಪಾಯದ ಸಂದರ್ಭಗಳನ್ನು ಅದೂ ಹಿಡಿಯದು.

ಡೇಟಾ ಫ್ರೇಮ್‌ಗೆ ಹೊಸ ಕಾಲಂ ಸೇರಿಸುವಾಗ ಆರ್ ತುಸು ಬಿಗಿಯಾಗಿದೆ. ಹೊಸ ಕಾಲಂನ ಉದ್ದ ಸಮವಾಗಿ ಭಾಗವಾಗದಿದ್ದರೆ ಎಚ್ಚರಿಕೆಯಲ್ಲ, ಎರರ್ ಬರುತ್ತದೆ. ಭಾಗವಾದರೆ ಮಾತ್ರ ಸದ್ದಿಲ್ಲದೆ ಸುತ್ತುತ್ತದೆ. ಟಿಬಲ್ ಎಂಬ ಹೊಸ ಬಗೆಯ ಟೇಬಲ್ ಇನ್ನೂ ಬಿಗಿ. ಅದು ಒಂದು ಅಂಶವನ್ನು ಬಿಟ್ಟರೆ ಬೇರೆ ಯಾವ ಗಿಡ್ಡ ಕಾಲಂನ್ನೂ ಒಪ್ಪುವುದಿಲ್ಲ, ಇಲ್ಲದ ಕಾಲಂ ಹೆಸರು ಹೇಳಿದರೆ ಎಚ್ಚರಿಸುತ್ತದೆ, ಎಡಬಲ ತಪ್ಪಿದ `%in%` ಆಯ್ಕೆಯನ್ನೂ ಎರರ್ ಕೊಟ್ಟು ತಡೆಯುತ್ತದೆ. ಆದರೆ ಈ ಕಾವಲಿಗೂ ಒಂದು ಮಿತಿಯಿದೆ. `dplyr` ಪ್ಯಾಕೇಜಿನ `filter(mtcars, cyl == c(4, 6))` ಈಗಲೂ ಯಾವ ದೂರೂ ಇಲ್ಲದೆ 10 ಸಾಲುಗಳನ್ನು ಕೊಡುತ್ತದೆ. ಹೋಲಿಕೆಯನ್ನು ಮಾಡುವುದು ಮೂಲ ಆರ್‌ನ `==`. `filter` ಕೈಗೆ ಬರುವ ಹೊತ್ತಿಗೆ ಅದು ಸರಿಯಾಗಿ 32 ಅಂಶಗಳ ನಿಜ-ಸುಳ್ಳು ಸಾಲಾಗಿರುತ್ತದೆ, ಅದರಲ್ಲಿ ಅನುಮಾನಪಡಲು ಏನೂ ಉಳಿದಿರುವುದಿಲ್ಲ.

ಮೂಲ ಭಾಷೆಯೂ ಕೆಲವು ಕಡೆ ಬಿಗಿಯಾಗಿದೆ. `if` ಒಳಗೆ ಒಂದಕ್ಕಿಂತ ಹೆಚ್ಚು ಅಂಶಗಳ ಷರತ್ತು ಬಂದರೆ ಹಿಂದೆ ಮೊದಲ ಅಂಶವನ್ನಷ್ಟೇ ನೋಡಿ ಮುಂದೆ ಹೋಗುತ್ತಿತ್ತು. 2022ರ 4.2.0 ಆವೃತ್ತಿಯಿಂದ ಅದು ಎರರ್. `&&` ಮತ್ತು `||` ಚಿಹ್ನೆಗಳಿಗೂ 2023ರ 4.3.0 ಆವೃತ್ತಿಯಿಂದ ಅದೇ ಕಟ್ಟುನಿಟ್ಟು ಬಂದಿದೆ. ಕೂಡುವ, ಕಳೆಯುವ, ಹೋಲಿಸುವ ಚಿಹ್ನೆಗಳ ಮರುಬಳಕೆ ನಿಯಮ ಮಾತ್ರ ಹಾಗೆಯೇ ಉಳಿದಿದೆ. ಆದ್ದರಿಂದ ಅಲ್ಲಿ ಉದ್ದ ನೋಡಿಕೊಳ್ಳುವ ಹೊಣೆ ಕೋಡ್ ಬರೆಯುವವರದೇ.